ಚಾಟ್‌ಬಾಟ್‌ನ ಮೂರೂ ಅಂಕಿಗಳು ಚೆನ್ನಾಗಿವೆ, ಆದರೂ ಫೋನ್ ಕರೆಗಳು ಇಳಿದಿಲ್ಲ: ಎಲ್ಲಿ ಹುಡುಕಬೇಕು?

ಸುಮಾ

ಎಲ್ಲರಿಗೂ ನಮಸ್ಕಾರ. ಮನೆಗಳಿಗೆ ಫೈಬರ್ ಬ್ರಾಡ್‌ಬ್ಯಾಂಡ್ ಒದಗಿಸುವ ಒಂದು ಸಂಸ್ಥೆಯ ಗ್ರಾಹಕ ಸೇವಾ ವಿಭಾಗದಲ್ಲಿ ನಾನು ವರದಿಗಳನ್ನು ಸಿದ್ಧಪಡಿಸುತ್ತೇನೆ. ನಮ್ಮ ಆ್ಯಪ್ ಮತ್ತು ಜಾಲತಾಣದಲ್ಲಿರುವ ಚಾಟ್‌ಬಾಟ್‌ಗೆ ತಿಂಗಳಿಗೆ ಸುಮಾರು 10,000 ಸಂಭಾಷಣೆಗಳು ಬರುತ್ತವೆ. ಮೂರು ತಿಂಗಳ ಹಿಂದೆ ಅದರ ಕಂಟೈನ್‌ಮೆಂಟ್ ರೇಟ್ 58% ಇತ್ತು, ಈಗ 72% ಆಗಿದೆ. ಎಂದರೆ ನೂರು ಸಂಭಾಷಣೆಗಳಲ್ಲಿ 72 ಯಾವ ಏಜೆಂಟರ ಕೈಗೂ ಹೋಗದೆ ಬಾಟ್‌ನಲ್ಲಿಯೇ ಮುಗಿಯುತ್ತಿವೆ. ಹಾಗೆ ಮುಗಿದವುಗಳಲ್ಲಿ ಸಮಸ್ಯೆ ಪರಿಹಾರವಾದವುಗಳ ಪ್ರಮಾಣ, ಅಂದರೆ ರೆಸೊಲ್ಯೂಷನ್ ರೇಟ್, 81% ಎಂದು ಡ್ಯಾಶ್‌ಬೋರ್ಡ್ ತೋರಿಸುತ್ತದೆ. ಗ್ರಾಹಕರು ತಮ್ಮ ತೃಪ್ತಿಯನ್ನು ತಿಳಿಸಲು ಕೊಡುವ ಸಿಸ್ಯಾಟ್ ಅಂಕ ಐದಕ್ಕೆ 4.3 ಇದೆ.

ನನ್ನನ್ನು ಕಾಡುತ್ತಿರುವುದು ಫೋನ್ ತಂಡದ ವರದಿ. ಗ್ರಾಹಕರ ಸಂಖ್ಯೆ ಹೆಚ್ಚಿಲ್ಲ, ದೊಡ್ಡ ಕೇಬಲ್ ದೋಷಗಳೂ ಆಗಿಲ್ಲ, ಆದರೂ ಕರೆಗಳು ಇಳಿದಿಲ್ಲ, ಕೊಂಚ ಏರಿವೆ. ಬಾಟ್ ಇಷ್ಟು ಕೆಲಸವನ್ನು ನಿಜವಾಗಿಯೂ ಮಾಡುತ್ತಿದ್ದರೆ ಕರೆಗಳು ಇಳಿಯಲೇಬೇಕಿತ್ತು. ಮೇಲಧಿಕಾರಿಗಳು ಈ ಮೂರು ಅಂಕಿಗಳನ್ನು ನೋಡಿ ಫೋನ್ ತಂಡವನ್ನು ಕಿರಿದುಗೊಳಿಸುವ ಮಾತನಾಡುತ್ತಿದ್ದಾರೆ. ಯಾವ ಅಂಕಿ ತಪ್ಪು ಹೇಳುತ್ತಿದೆ ಎಂಬುದನ್ನು ಹೇಗೆ ಕಂಡುಹಿಡಿಯಬೇಕು?

ಪ್ರಶಾಂತ

ನನ್ನ ಅಭಿಪ್ರಾಯದಲ್ಲಿ ಕಂಟೈನ್‌ಮೆಂಟ್ ಎಂಬುದನ್ನು ವರದಿಯಿಂದ ಕಿತ್ತುಹಾಕುವುದೇ ಒಳ್ಳೆಯದು. ಅದು ಕಂಪನಿಯ ಖರ್ಚನ್ನು ಅಳೆಯುತ್ತದೆಯೇ ಹೊರತು ಗ್ರಾಹಕನಿಗೆ ಏನಾಯಿತು ಎಂಬುದನ್ನಲ್ಲ. ಬಾಟ್‌ಗೆ ಬೇಸತ್ತು ಪರದೆ ಮುಚ್ಚಿದವನೂ ಅದರಲ್ಲಿ ಯಶಸ್ಸಾಗಿಯೇ ಸೇರುತ್ತಾನೆ. ಗ್ರಾಹಕನನ್ನೇ ಕೇಳಿ ಪಡೆದ ಅಂಕಿ ಸಿಸ್ಯಾಟ್ ಒಂದೇ, ಮತ್ತು 4.3 ಒಳ್ಳೆಯ ಅಂಕ. ಕರೆಗಳು ಏರಿರುವುದಕ್ಕೆ ಬಿಲ್ಲಿಂಗ್ ಬದಲಾವಣೆಯಂತಹ ಬೇರೆ ಕಾರಣ ಇರಬಹುದು. ಸಿಸ್ಯಾಟ್ ನಂಬಿ, ಉಳಿದೆರಡನ್ನು ಬಿಡಿ.

ರಾಘವೇಂದ್ರ

ಪ್ರಶಾಂತ ಅವರ ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪುವುದು ಕಷ್ಟ. ಕಂಟೈನ್‌ಮೆಂಟ್ ಎಂಬುದು ಬಾಟ್‌ಗಳಿಗಿಂತ ಹಳೆಯದು. ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ಐವಿಆರ್ ಕಾಲದಲ್ಲಿ, ಎಷ್ಟು ಕರೆಗಳು ಏಜೆಂಟರ ಸಾಲಿಗೆ ಬರಲಿಲ್ಲ ಎಂದು ತಿಳಿಯಲು ಅದನ್ನು ಬಳಸುತ್ತಿದ್ದರು. ನಾಳೆ ಎಷ್ಟು ಏಜೆಂಟರು ಕುಳಿತಿರಬೇಕು ಎಂದು ಲೆಕ್ಕ ಹಾಕುವವರಿಗೆ ಅದು ಇಂದಿಗೂ ಬೇಕು. ತೊಂದರೆ ಬರುವುದು ಅದನ್ನು ಗುಣಮಟ್ಟದ ಅಳತೆಯಾಗಿ ಓದಿದಾಗ.

ಸುಮಾ ಅವರೇ, ಉತ್ತರ ಹೇಳುವ ಮೊದಲು ನಾಲ್ಕು ವಿಷಯಗಳು ತಿಳಿಯಬೇಕು. ನಿಮ್ಮಲ್ಲಿ ‘ಸಂಭಾಷಣೆ’ ಎಂದು ಎಣಿಕೆಯಾಗುವುದು ಯಾವಾಗ, ಬಾಟ್‌ನ ಕಿಟಕಿ ತೆರೆದಾಗಲೋ, ಗ್ರಾಹಕರು ಏನಾದರೂ ಬರೆದಾಗಲೋ? ಒಂದು ಸಂಭಾಷಣೆ ‘ಪರಿಹಾರವಾಯಿತು’ ಎಂದು ತೀರ್ಮಾನಿಸುವ ನಿಯಮ ಯಾವುದು? ಅಂಕ ಕೊಡಿ ಎಂಬ ಪ್ರಶ್ನೆ ಯಾರಿಗೆ, ಯಾವ ಕ್ಷಣದಲ್ಲಿ ಕಾಣಿಸುತ್ತದೆ? ಮತ್ತು ಈ ಮೂರು ತಿಂಗಳಲ್ಲಿ ಬಾಟ್‌ನ ಪರದೆಯಲ್ಲಿ ಏನೇನು ಬದಲಾಯಿತು? ಈ ಕೊನೆಯ ಪ್ರಶ್ನೆಯನ್ನು ವರದಿ ಬರೆಯುವವರು ಸಾಮಾನ್ಯವಾಗಿ ಕೇಳುವುದಿಲ್ಲ, ಏಕೆಂದರೆ ಪರದೆಯನ್ನು ಬದಲಿಸುವವರು ಬೇರೆ ತಂಡದಲ್ಲಿರುತ್ತಾರೆ.

ಸುಮಾ

ವಿಚಾರಿಸಿಕೊಂಡು ಬಂದೆ. ಕಿಟಕಿ ತೆರೆದು ಬಾಟ್ ನಮಸ್ಕಾರ ಹೇಳಿದೊಡನೆ ಅದು ಒಂದು ಸಂಭಾಷಣೆ. ಎರಡು ತಿಂಗಳಿನಿಂದ ಬಿಲ್ ಪಾವತಿಯ ಪುಟದಲ್ಲಿ ಬಾಟ್ ತಾನಾಗಿಯೇ ತೆರೆದುಕೊಳ್ಳುತ್ತಿದೆ. ‘ಏಜೆಂಟ್ ಜೊತೆ ಮಾತನಾಡಿ’ ಎಂಬ ಬಟನ್ ಮೊದಲು ಆರಂಭದ ಪರದೆಯಲ್ಲೇ ಇತ್ತು, ಈಗ ಬಾಟ್ ಎರಡು ಉತ್ತರ ಕೊಟ್ಟ ನಂತರವಷ್ಟೇ ಕಾಣುತ್ತದೆ. ಬಾಟ್‌ನ ಕೊನೆಯ ಉತ್ತರದ ನಂತರ 15 ನಿಮಿಷ ಗ್ರಾಹಕರಿಂದ ಏನೂ ಬಾರದಿದ್ದರೆ, ಮತ್ತು ಆ ಕೊನೆಯ ಉತ್ತರ ‘ನನಗೆ ಅರ್ಥವಾಗಲಿಲ್ಲ’ ಎಂಬುದಾಗಿರದಿದ್ದರೆ, ಅದು ಪರಿಹಾರವಾದಂತೆ. ಅಂಕ ಕೇಳುವ ಪರದೆ, ‘ಸಂಭಾಷಣೆ ಮುಗಿಸಿ’ ಒತ್ತಿದವರಿಗೆ ಮಾತ್ರ.

ಶಾರದಾ

ಇದು ಬ್ರಾಡ್‌ಬ್ಯಾಂಡ್ ದೂರುಗಳ ಚರ್ಚೆ ಎಂದು ಭಾವಿಸಿ ಬರೆಯುತ್ತಿದ್ದೇನೆ. ಕಳೆದ ಮಳೆಯಲ್ಲಿ ನಮ್ಮ ಮನೆಯ ಇಂಟರ್ನೆಟ್ ನಿಂತುಹೋಯಿತು, ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಟುಕುತ್ತಿತ್ತು. ಮೊಬೈಲ್ ಡೇಟಾ ಹಾಕಿಕೊಂಡು ಚಾಟ್‌ನಲ್ಲಿ ಕೇಳಿದೆ. ರೌಟರ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್ ಮಾಡಿ ಎಂದಿತು. ನಾನು ಹಾಗೆಯೇ ಮಾಡಿ, ದೀಪ ಬದಲಾಗುತ್ತದೆಯೇ ಎಂದು ಕಾದು, ಮತ್ತೆ ಫೋನ್ ನೋಡುವಷ್ಟರಲ್ಲಿ ಚಾಟ್ ಮುಚ್ಚಿಹೋಗಿತ್ತು, ‘ನಿಮಗೆ ನೆರವಾದದ್ದು ಸಂತೋಷ’ ಎಂಬ ಸಂದೇಶವೂ ಬಂದಿತ್ತು. ಕೊನೆಗೆ ಮಗನ ಫೋನಿನಿಂದ ಕರೆ ಮಾಡಿಸಿದೆವು. ತಂತ್ರಜ್ಞರು ಬಂದು ಕಂಬದ ಬಳಿ ತುಂಡಾಗಿದ್ದ ಕೇಬಲ್ ಜೋಡಿಸಿದ ಮೇಲೆ ಸರಿಹೋಯಿತು. ಆ ನಾಲ್ಕು ದಿನಗಳ ಹಣವನ್ನು ಹಿಂದಕ್ಕೆ ಪಡೆಯಲು ಎಲ್ಲಿ ದೂರು ಕೊಡಬೇಕು?

ರಾಘವೇಂದ್ರ

ಶಾರದಾ ಅವರೇ, ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ಮಗನ ಕರೆಗೆ ದೂರನ್ನು ಗುರುತಿಸುವ ಡಾಕೆಟ್ ಸಂಖ್ಯೆ ಕೊಟ್ಟಿರುತ್ತಾರೆ, ಅದನ್ನು ಹೇಳಿ ಕಂಪನಿಯ ದೂರು ಕೇಂದ್ರದಲ್ಲಿ ಬಿಲ್ ಕಡಿತ ಕೇಳಿ. ಅಲ್ಲಿ ಸಿಗುವ ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮಗಳ ಪ್ರಕಾರ ಅಂತಹ ಪ್ರಾಧಿಕಾರ ಇರಲೇಬೇಕು. ಚಾಟ್‌ನಲ್ಲಿ ಹೇಳಿಕೊಂಡದ್ದಕ್ಕೆ ಡಾಕೆಟ್ ಸಂಖ್ಯೆ ಬಂದಿತ್ತೇ ಎಂಬುದನ್ನೂ ನೋಡಿ. ಬಂದಿರದಿದ್ದರೆ ನಿಮ್ಮ ದೂರಿನ ದಿನಾಂಕ ಕರೆಯ ದಿನದಿಂದ ಮಾತ್ರ ಆರಂಭವಾಗುತ್ತದೆ.

ಸುಮಾ ಅವರೇ, ನಿಮ್ಮ ಪ್ರಶ್ನೆಯ ಉತ್ತರದ ದೊಡ್ಡ ಪಾಲು ಶಾರದಾ ಅವರ ಅನುಭವದಲ್ಲಿದೆ. ಅವರು ನಿಮ್ಮ ಗ್ರಾಹಕರೇ ಆಗಿದ್ದರೆ ಆ ಚಾಟ್ ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಹೇಗೆ ಕಾಣುತ್ತಿತ್ತು ಎಂದು ಯೋಚಿಸಿ. ಏಜೆಂಟರಿಗೆ ಹೋಗಲಿಲ್ಲ, ಆದ್ದರಿಂದ ಕಂಟೈನ್‌ಮೆಂಟ್‌ಗೆ ಒಂದು ಸೇರಿತು. ಉತ್ತರದ ನಂತರ 15 ನಿಮಿಷ ಮೌನ, ಆದ್ದರಿಂದ ಪರಿಹಾರವಾಯಿತು. ‘ಸಂಭಾಷಣೆ ಮುಗಿಸಿ’ ಒತ್ತಲಿಲ್ಲ, ಆದ್ದರಿಂದ ಅವರ ಅಸಮಾಧಾನ ಸಿಸ್ಯಾಟ್‌ಗೆ ತಲುಪಲಿಲ್ಲ. ಇನ್ನು ಫೋನ್ ತಂಡದ ಕಡೆಯಲ್ಲಿ ಮಗನ ನಂಬರಿನಿಂದ ಬಂದ ಹೊಸ ಕರೆಯೊಂದು ದಾಖಲಾಯಿತು, ಅದಕ್ಕೂ ಚಾಟ್‌ಗೂ ಸಂಬಂಧವಿದೆ ಎಂದು ಯಾರಿಗೂ ತಿಳಿಯಲಿಲ್ಲ.

ಬ್ರಾಡ್‌ಬ್ಯಾಂಡ್‌ನಲ್ಲಿ ಮೌನದ ನಿಯಮ ವಿಶೇಷವಾಗಿ ಅಪಾಯಕಾರಿ. ಬಾಟ್ ಸ್ವತಃ ಹತ್ತು ನಿಮಿಷ ಕಾಯಿರಿ ಎಂದು ಹೇಳುತ್ತದೆ, ರೌಟರ್ ಮತ್ತೆ ಜೀವ ಪಡೆಯಲು ಇನ್ನೂ ಕೆಲವು ನಿಮಿಷ ಬೇಕು, ಅಷ್ಟರಲ್ಲಿ 15 ನಿಮಿಷಗಳ ಗಡಿ ದಾಟುತ್ತದೆ. ಬಾಟ್‌ನ ಸಲಹೆಯನ್ನು ಶ್ರದ್ಧೆಯಿಂದ ಪಾಲಿಸಿದವರೇ ಪರಿಹಾರ ಪಡೆದವರ ಪಟ್ಟಿಗೆ ಬೀಳುತ್ತಾರೆ. ಕೆಂಪು ಎಲ್‌ಓಎಸ್ ದೀಪ ಎಂದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ, ಅದಕ್ಕೆ ರೀಸ್ಟಾರ್ಟ್ ಪರಿಹಾರವೇ ಅಲ್ಲ. ಅಲ್ಲಿ ಬಾಟ್ ಮಾಡಬೇಕಾದ ಸರಿಯಾದ ಕೆಲಸ ಮೊದಲ ಉತ್ತರದಲ್ಲಿಯೇ ತಂತ್ರಜ್ಞರ ಭೇಟಿಗೆ ದೂರು ದಾಖಲಿಸುವುದು, ಸಾಧ್ಯವಾಗದಿದ್ದರೆ ಏಜೆಂಟರಿಗೆ ಒಪ್ಪಿಸುವುದು. ಹೀಗೆ ಒಪ್ಪಿಸಿದರೆ ಕಂಟೈನ್‌ಮೆಂಟ್ ಇಳಿಯುತ್ತದೆ, ಸೇವೆ ಸುಧಾರಿಸುತ್ತದೆ.

ಈಗ ಮಾಡಬೇಕಾದದ್ದು, ಸಂಭಾಷಣೆಯನ್ನು ಎಣಿಸುವುದನ್ನು ಬಿಟ್ಟು ಗ್ರಾಹಕರನ್ನು ಹಿಂಬಾಲಿಸುವುದು. ಚಾಟ್ ದಾಖಲೆ ಮತ್ತು ಕರೆ ದಾಖಲೆ ಎರಡನ್ನೂ ಖಾತೆ ಸಂಖ್ಯೆಯ ಮೂಲಕ ಜೋಡಿಸಿ, ಬಾಟ್‌ನಲ್ಲೇ ಮುಗಿದ ಚಾಟ್‌ನ ನಂತರ ಏಳು ದಿನಗಳೊಳಗೆ ಆ ಖಾತೆಯಿಂದ ಕರೆ ಬಂದಿದೆಯೇ ನೋಡಿ. ಇಷ್ಟು ಸಾಕು:

```sql
SELECT COUNT(DISTINCT c.chat_id)
FROM chats c
JOIN calls p ON p.account_id = c.account_id
WHERE c.handed_off = 0
  AND p.call_time > c.end_time
  AND p.call_time <= c.end_time + INTERVAL '7 days';
```

ಇದರಲ್ಲಿ ಒಂದು ಬಲೆ ಇದೆ. ಲಾಗಿನ್ ಆಗದೆ ಜಾಲತಾಣದಿಂದ ಚಾಟ್ ಮಾಡಿದವರಿಗೆ ಖಾತೆ ಸಂಖ್ಯೆ ಇರುವುದಿಲ್ಲ. ಅವರು ಈ ಜೋಡಣೆಯಲ್ಲಿ ಸದ್ದಿಲ್ಲದೆ ಬಿಟ್ಟುಹೋಗಿ, ಮತ್ತೆ ಕರೆ ಮಾಡದವರಂತೆ ಕಾಣುತ್ತಾರೆ. ಅವರೆಷ್ಟು ಎಂದು ಮೊದಲೇ ಬೇರೆಯಾಗಿ ಎಣಿಸಿಕೊಳ್ಳಿ. ಹಾಗೆಯೇ ಫೋನ್ ನಂಬರಿನಿಂದ ಜೋಡಿಸಬೇಡಿ. ಒಂದೇ ಮನೆಯಿಂದ ಅಮ್ಮ ಚಾಟ್ ಮಾಡುತ್ತಾರೆ, ಮಗ ಕರೆ ಮಾಡುತ್ತಾನೆ.

ಮತ್ತೆ ಕರೆ ಮಾಡದೆ ಉಳಿದವರಲ್ಲಿ 200 ಚಾಟ್‌ಗಳನ್ನು ಚೀಟಿ ಎತ್ತಿದಂತೆ ಆರಿಸಿ, ಇಬ್ಬರು ಬೇರೆ ಬೇರೆಯಾಗಿ ಪೂರ್ತಿ ಓದಲಿ. ಮೌನವಾಗಿ ಹೋದವರೆಲ್ಲ ತೃಪ್ತರಲ್ಲ. ಕೆಲವರು ಕೈಬಿಟ್ಟಿರುತ್ತಾರೆ, ಕೆಲವರು ಬೇರೆ ಕಂಪನಿಗೆ ಹೋಗಿರುತ್ತಾರೆ. ಕರೆಯ ದಾಖಲೆ ಇದನ್ನು ಎಂದೂ ಹೇಳುವುದಿಲ್ಲ.

ಪ್ರಶಾಂತ

ಏಳು ದಿನಗಳಲ್ಲಿ ಮತ್ತೆ ಕರೆ ಬಂದರೆ ವಿಫಲ, ಬಾರದಿದ್ದರೆ ಸಫಲ ಎಂದು ಒಂದೇ ಅಂಕಿ ಇಟ್ಟುಕೊಂಡರೆ ಸಾಕಲ್ಲವೇ? ಓದುವ ಕೆಲಸಕ್ಕೆ ಯಾರಿಗೆ ಸಮಯವಿದೆ?

ರಾಘವೇಂದ್ರ

ಸಾಲದು, ಮತ್ತು ತಪ್ಪು ಎರಡು ದಿಕ್ಕಿನಲ್ಲಿಯೂ ಆಗುತ್ತದೆ. ಸೋಮವಾರ ಬಿಲ್ ಪ್ರತಿ ಪಡೆದವರು ಗುರುವಾರ ಮನೆ ಬದಲಿಸುವ ವಿಷಯಕ್ಕೆ ಕರೆ ಮಾಡಿದರೆ ಅದು ಬಾಟ್‌ನ ತಪ್ಪಲ್ಲ, ಆದ್ದರಿಂದ ಕರೆಯ ವಿಷಯ ಒಂದೇ ಆಗಿದೆಯೇ ಎಂದು ನೋಡಲೇಬೇಕು. ಇನ್ನೊಂದು ದಿಕ್ಕಿನಲ್ಲಿ, ಮುಂದಿನ ಬಿಲ್‌ನಲ್ಲಿ ಹಣ ಕಡಿತವಾಗುತ್ತದೆ ಎಂದು ಬಾಟ್ ಹೇಳಿದ್ದರೆ, ಅದು ಸುಳ್ಳಾದದ್ದು ತಿಳಿಯುವುದು ಮುಂದಿನ ತಿಂಗಳು. ಇಂಟರ್ನೆಟ್ ನಿಂತದ್ದಕ್ಕೆ ಏಳು ದಿನ ಸಾಕು, ಬಿಲ್ಲಿಂಗ್‌ಗೆ ಒಂದು ಬಿಲ್ ಚಕ್ರವಾದರೂ ಬೇಕು.

ಫಾತಿಮಾ

ನಾನು ಹುಬ್ಬಳ್ಳಿಯ ಒಂದು ಕಾಲ್ ಸೆಂಟರ್‌ನಲ್ಲಿ ಟೀಮ್ ಲೀಡರ್ ಆಗಿದ್ದೇನೆ. ಬಾಟ್ ಬಂದ ಮೇಲೆ ನಮ್ಮ ಸಾಲಿನಲ್ಲಿ ನಾವು ಕಂಡದ್ದನ್ನು ಹೇಳುತ್ತೇನೆ, ಡ್ಯಾಶ್‌ಬೋರ್ಡ್ ನೋಡುವವರಿಗೆ ಇದು ತಲುಪುವುದಿಲ್ಲ.

ಬಿಲ್ ಪ್ರತಿ, ಪ್ಲ್ಯಾನ್ ಮುಗಿಯುವ ದಿನಾಂಕ, ಪಾಸ್‌ವರ್ಡ್ ಬದಲಾವಣೆ, ಇವೆಲ್ಲ ಬಾಟ್‌ಗೆ ಹೋದವು. ನಮಗೆ ಉಳಿದದ್ದು ಎರಡು ಸಲ ಹಣ ಕಡಿತವಾದವರು, ತಂತ್ರಜ್ಞರು ಬಾರದೆ ಕಾದವರು, ಬಾಟ್‌ನ ಜೊತೆ ಅರ್ಧ ಗಂಟೆ ಬರೆದು ಸೋತವರು. ಪ್ರತಿ ಕರೆಯ ಅವಧಿ ಹೆಚ್ಚಾಯಿತು, ನಮ್ಮ ಹುಡುಗರ ಸಿಸ್ಯಾಟ್ ಇಳಿಯಿತು. ಆಗ ಒಂದು ಸಭೆಯಲ್ಲಿ, ಬಾಟ್‌ನ ಅಂಕ ಮನುಷ್ಯರ ಅಂಕದ ಹತ್ತಿರಕ್ಕೆ ಬಂದಿದೆ ಎಂದು ತೋರಿಸಿದರು. ಸುಲಭದ ಪ್ರಶ್ನೆಗಳಿಗೆ ಸಿಕ್ಕ ಅಂಕವನ್ನು ಕಷ್ಟದ ಪ್ರಶ್ನೆಗಳಿಗೆ ಸಿಕ್ಕ ಅಂಕದೊಡನೆ ಹೋಲಿಸುವುದು ನ್ಯಾಯವಲ್ಲ. ಒಂದೇ ಬಗೆಯ ಸಮಸ್ಯೆಗೆ ಎರಡೂ ಕಡೆ ಏನಾಯಿತು ಎಂದು ಹೋಲಿಸಬೇಕು.

ಇನ್ನೊಂದು ವಿಷಯ ಭಾಷೆಯದು. ನಮ್ಮ ಕಡೆಯ ಗ್ರಾಹಕರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಾರೆ. ಮೈಸೂರಿನವರು `net bartilla` ಎಂದರೆ ಇಲ್ಲಿಯವರು `net barvaldu` ಎನ್ನುತ್ತಾರೆ, ಒಬ್ಬೊಬ್ಬರ ಕಾಗುಣಿತ ಒಂದೊಂದು. ನಾವು ಕೆಲಸ ಮಾಡುವ ಕಡೆಯ ಬಾಟ್ ಇವನ್ನು ಇಂಗ್ಲಿಷ್ ಎಂದು ತಿಳಿದು, `net` ಎಂಬ ಒಂದು ಪದ ಹಿಡಿದು, ಹೊಸ ಪ್ಲ್ಯಾನ್‌ಗಳ ಪಟ್ಟಿ ತೋರಿಸುತ್ತಿತ್ತು. ಗ್ರಾಹಕರು ಪಟ್ಟಿ ನೋಡಿ ಹೊರಟುಹೋಗುತ್ತಿದ್ದರು. ಅದು ‘ಅರ್ಥವಾಗಲಿಲ್ಲ’ ಎಂಬ ಉತ್ತರವಲ್ಲವಾದ್ದರಿಂದ ಪರಿಹಾರವಾದ ಚಾಟ್ ಆಗಿಯೇ ಉಳಿಯಿತು. ಮನುಷ್ಯರ ಜೊತೆ ಮಾತನಾಡಬೇಕೆಂದು `yaradru jote matadbeku` ಎಂದು ಬರೆದರೆ, ಏಜೆಂಟ್ ಕೇಳಿದರು ಎಂಬ ಲೆಕ್ಕಕ್ಕೂ ಅದು ಬರುತ್ತಿರಲಿಲ್ಲ. ಹಾಗಾಗಿ ಬಾಟ್‌ಗೆ ಎಲ್ಲರಿಗಿಂತ ಕಡಿಮೆ ಅರ್ಥವಾಗುತ್ತಿದ್ದ ಗ್ರಾಹಕರ ಕಂಟೈನ್‌ಮೆಂಟ್ ಎಲ್ಲರಿಗಿಂತ ಹೆಚ್ಚಾಗಿತ್ತು. ಸುಮಾ ಮೇಡಂ, ನಿಮ್ಮ 200 ಚಾಟ್‌ಗಳನ್ನು ಓದುವ ಇಬ್ಬರಲ್ಲಿ ಒಬ್ಬರಿಗಾದರೂ ಉತ್ತರ ಕರ್ನಾಟಕದ ಕನ್ನಡ ಗೊತ್ತಿರಲಿ.

ದೀಪಕ್

ನಾನು ಇಂತಹ ಬಾಟ್‌ಗಳನ್ನು ಮಾರುವ ಕಡೆಯಲ್ಲಿ ಕೆಲಸ ಮಾಡಿದವನು, ಆ ಕಡೆಯ ಮಾತನ್ನೂ ಕೇಳಿ. ಮೌನವನ್ನು ಪರಿಹಾರವೆಂದು ಎಣಿಸುವುದು ಮೋಸವಲ್ಲ. ಜನ ಉತ್ತರ ಸಿಕ್ಕ ಮೇಲೆ ‘ಹೌದು, ನೆರವಾಯಿತು’ ಎಂದು ಒತ್ತುವುದೇ ಅಪರೂಪ. ಒತ್ತಿದವರನ್ನು ಮಾತ್ರ ಎಣಿಸಿದರೆ ಯಾವ ಬಾಟ್ ಕೂಡ ಕೆಲಸಕ್ಕೆ ಬಾರದಂತೆ ಕಾಣುತ್ತದೆ. ಇಂಟರ್‌ಕಾಮ್ ಸಂಸ್ಥೆಯ ಫಿನ್ ಎಂಬ ಬಾಟ್‌ಗೆ ಒಂದು ಪರಿಹಾರಕ್ಕೆ 0.99 ಡಾಲರ್ ದರವಿಟ್ಟು ಮಾರಾಟ ಮಾಡಿದರು. ಗ್ರಾಹಕರು ಒಪ್ಪಿ ಹೇಳಿದ್ದನ್ನೂ, ಉತ್ತರದ ನಂತರ ಮತ್ತೇನೂ ಕೇಳದೆ ಹೋದದ್ದನ್ನೂ ಎರಡನ್ನೂ ಅಲ್ಲಿ ಪರಿಹಾರವೆಂದೇ ಎಣಿಸುತ್ತಾರೆ, ಆ ನಿಯಮವನ್ನು ಬಹಿರಂಗವಾಗಿಯೇ ಹೇಳುತ್ತಾರೆ. ಒಪ್ಪಂದದಲ್ಲಿ ಯಾವುದಾದರೂ ಒಂದು ನಿಯಮ ಇರಲೇಬೇಕು.

ರಾಘವೇಂದ್ರ

ದೀಪಕ್ ಅವರ ಮಾತು ಸರಿ, ಹಣ ಪಾವತಿಗೆ ಸರಳ ನಿಯಮ ಬೇಕು. ಆದರೆ ಒಪ್ಪಿ ಹೇಳಿದವರು ಮತ್ತು ಮೌನವಾಗಿ ಹೋದವರು ವರದಿಯಲ್ಲಿ ಎರಡು ಸಾಲುಗಳಾಗಿಯೇ ಇರಲಿ. ಮೌನದ ಪಾಲು ಬೆಳೆಯುತ್ತ, ಒಪ್ಪಿಗೆಯ ಪಾಲು ನಿಂತಲ್ಲೇ ನಿಂತಿದ್ದರೆ, ಸುಧಾರಿಸಿದ್ದು ಬಾಟ್ ಅಲ್ಲ ಎಂಬ ಅನುಮಾನ ಅಲ್ಲಿಯೇ ಕಾಣುತ್ತದೆ.

ಪ್ರಶಾಂತ

ಹಾಗಾದರೆ ಸ್ವೀಡನ್ನಿನ ಪಾವತಿ ಸಂಸ್ಥೆ ಕ್ಲಾರ್ನಾದ ಉದಾಹರಣೆಯನ್ನು ಹೇಗೆ ನೋಡುತ್ತೀರಿ? 2024ರ ಫೆಬ್ರವರಿಯಲ್ಲಿ ಅವರು ಪ್ರಕಟಿಸಿದಂತೆ ಅವರ ಎಐ ಸಹಾಯಕ ಮೊದಲ ತಿಂಗಳಲ್ಲಿಯೇ 23 ಲಕ್ಷ ಸಂಭಾಷಣೆಗಳನ್ನು ನಡೆಸಿತು, ಅದು ಒಟ್ಟು ಚಾಟ್‌ಗಳ ಮೂರನೇ ಎರಡು ಭಾಗ. ತೃಪ್ತಿ ಮನುಷ್ಯ ಏಜೆಂಟರಿಗೆ ಸಮನಾಗಿದೆ, ಅದೇ ವಿಷಯಕ್ಕೆ ಗ್ರಾಹಕರು ಮತ್ತೆ ಬಂದು ಕೇಳುವ ಮರುವಿಚಾರಣೆ 25% ಇಳಿದಿದೆ ಎಂದೂ ಹೇಳಿದರು. ಇಲ್ಲಿ ಮೂರೂ ಅಂಕಿಗಳು ಒಂದೇ ದಿಕ್ಕಿನಲ್ಲಿವೆ.

ರಾಘವೇಂದ್ರ

ಮರುವಿಚಾರಣೆಯನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ಮೆಚ್ಚಬೇಕಾದದ್ದು, ಹೆಚ್ಚಿನ ಸಂಸ್ಥೆಗಳು ಅದನ್ನು ಹೇಳುವುದೇ ಇಲ್ಲ. ಆದರೆ ಅದೇ ಸಂಸ್ಥೆಯ ಮುಖ್ಯಸ್ಥ ಸೆಬಾಸ್ಟಿಯನ್ ಸಿಮಿಯಾಟ್ಕೋವ್ಸ್ಕಿ 2025ರಲ್ಲಿ, ಖರ್ಚಿಗೆ ಅತಿಯಾದ ಒತ್ತು ಕೊಟ್ಟಿದ್ದರಿಂದ ಗುಣಮಟ್ಟ ಇಳಿಯಿತು ಎಂದು ಹೇಳಿ, ಗ್ರಾಹಕರಿಗೆ ಮನುಷ್ಯರೊಡನೆ ಮಾತನಾಡುವ ದಾರಿ ಯಾವಾಗಲೂ ಇರಬೇಕೆಂದು ಮತ್ತೆ ನೇಮಕಾತಿಗೆ ತೊಡಗಿದರು. ಮೊದಲ ತಿಂಗಳ ಅಂಕಿಗಳು ಸುಳ್ಳಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಮೊದಲ ತಿಂಗಳ ಸರಾಸರಿ, ಕಷ್ಟದಲ್ಲಿರುವ ಸಣ್ಣ ಗುಂಪಿಗೆ ಮುಂದೆ ಏನಾಗುತ್ತದೆ ಎಂಬುದನ್ನು ಹೇಳಲಾರದು.

ಏರ್ ಕೆನಡಾ ಪ್ರಕರಣ ಇದನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. 2022ರ ನವೆಂಬರ್‌ನಲ್ಲಿ, ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರು ಆ ವಿಮಾನ ಸಂಸ್ಥೆಯ ಚಾಟ್‌ಬಾಟ್ ಅನ್ನು ಶೋಕ ರಿಯಾಯಿತಿಯ ಬಗ್ಗೆ ಕೇಳಿದರು. ಟಿಕೆಟ್ ಕೊಂಡ 90 ದಿನಗಳೊಳಗೆ ಅರ್ಜಿ ಹಾಕಿ ರಿಯಾಯಿತಿ ಪಡೆಯಬಹುದು ಎಂದು ಬಾಟ್ ಹೇಳಿತು. ಅದನ್ನು ನಂಬಿ ಅವರು ಪೂರ್ಣ ದರದಲ್ಲಿ ಟಿಕೆಟ್ ಕೊಂಡರು, ಆಮೇಲೆ ಸಂಸ್ಥೆ ಹಣ ಕೊಡಲು ನಿರಾಕರಿಸಿತು. ಬಾಟ್‌ನ ಮಾತಿಗೆ ಸಂಸ್ಥೆಯೇ ಹೊಣೆ ಎಂದು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತೀರ್ಪಿತ್ತು, ಬಡ್ಡಿ ಮತ್ತು ಶುಲ್ಕ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಲು ಆದೇಶಿಸಿತು. ಆ ಚಾಟ್ ಮುಗಿದ ಕ್ಷಣವನ್ನು ನಿಮ್ಮ ನಿಯಮಗಳಿಂದ ಅಳೆದು ನೋಡಿ. ಏಜೆಂಟರ ಅಗತ್ಯ ಬೀಳಲಿಲ್ಲ, ಪ್ರಶ್ನೆಗೆ ನೇರ ಉತ್ತರ ಸಿಕ್ಕಿತು, ಬೇಕಾದ ಮಾತನ್ನೇ ಕೇಳಿದ್ದರಿಂದ ಅಂಕ ಕೇಳಿದ್ದರೂ ಒಳ್ಳೆಯದೇ ಬರುತ್ತಿತ್ತು. ಉತ್ತರ ಮಾತ್ರ ತಪ್ಪಾಗಿತ್ತು. ಗ್ರಾಹಕರ ಕಣ್ಣಿಗೆ ಆ ಕ್ಷಣದಲ್ಲಿ ಕಾಣದ ತಪ್ಪನ್ನು ಯಾವ ತೃಪ್ತಿ ಸಮೀಕ್ಷೆಯೂ ಹಿಡಿಯಲಾರದು. ಚಾಟ್ ಓದಿ, ಉತ್ತರವನ್ನು ಕಂಪನಿಯ ನಿಯಮದೊಡನೆ ತಾಳೆ ನೋಡುವವರು ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೆ.

ಸುಮಾ

ನೀವೆಲ್ಲ ಹೇಳಿದಂತೆ ಒಂದು ತಿಂಗಳ ದಾಖಲೆಯನ್ನು ಬಿಡಿಸಿ ನೋಡಿದೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

10,000 ಸಂಭಾಷಣೆಗಳಲ್ಲಿ 2,800 ಏಜೆಂಟರಿಗೆ ಹೋದವು, ಉಳಿದ 7,200 ಕಂಟೈನ್ ಆದವು. ಈ 7,200ರಲ್ಲಿ 1,100 ಮಂದಿ ಒಂದಕ್ಷರವನ್ನೂ ಬರೆದಿಲ್ಲ. ಬಿಲ್ ಪುಟದಲ್ಲಿ ಬಾಟ್ ತಾನೇ ತೆರೆದುಕೊಂಡಿತು, ಅವರು ಮುಚ್ಚಿ ಮುಂದೆ ಹೋದರು. ನಿಜವಾಗಿ ಏನನ್ನಾದರೂ ಕೇಳಿದವರು 6,100. ಅವರಲ್ಲಿ 1,900 ಮಂದಿ ಏಳು ದಿನಗಳೊಳಗೆ ಅದೇ ವಿಷಯಕ್ಕೆ ಮತ್ತೆ ಕರೆ ಮಾಡಿದ್ದಾರೆ ಅಥವಾ ಮತ್ತೆ ಚಾಟ್‌ಗೆ ಬಂದಿದ್ದಾರೆ. ಉಳಿದ 4,200ರಲ್ಲಿ 200 ಚಾಟ್‌ಗಳನ್ನು ಇಬ್ಬರು ಓದಿದರು, 150ರಲ್ಲಿ ಮಾತ್ರ ಸರಿಯಾದ ಉತ್ತರ ಇತ್ತು. ಆ ಪ್ರಮಾಣವನ್ನು 4,200ಕ್ಕೆ ಹಚ್ಚಿದರೆ 3,150 ಆಗುತ್ತದೆ. ಏನನ್ನಾದರೂ ಕೇಳಿದವರು ಏಜೆಂಟರಿಗೆ ಹೋದವರೂ ಸೇರಿ 8,900. ಹಾಗಾಗಿ ಬಾಟ್ ನಿಜವಾಗಿ ಬಗೆಹರಿಸಿದ್ದು ನೂರಕ್ಕೆ ಸುಮಾರು 35.

ಸಿಸ್ಯಾಟ್ ಕಡೆ ನೋಡಿದಾಗ ನನಗೆ ಇನ್ನಷ್ಟು ಗಾಬರಿಯಾಯಿತು. ಅಂಕ ಕೊಟ್ಟವರು ಒಟ್ಟು 400. ಅವರಲ್ಲಿ 240 ಮಂದಿ ಬಾಟ್‌ನಿಂದ ಏಜೆಂಟರಿಗೆ ಹೋಗಿ, ಏಜೆಂಟರು ಸಮಸ್ಯೆ ಬಗೆಹರಿಸಿದ ಮೇಲೆ ಅಂಕ ಕೊಟ್ಟವರು. ಅವರ ಸರಾಸರಿ 4.7. ಬಾಟ್ ಜೊತೆ ಮಾತ್ರ ಮಾತನಾಡಿ ಅಂಕ ಕೊಟ್ಟ 160 ಮಂದಿಯ ಸರಾಸರಿ 3.7. ಎರಡನ್ನೂ ಕೂಡಿಸಿ 4.3 ಎಂದು ಬಾಟ್‌ನ ಹೆಸರಿನಲ್ಲಿ ತೋರಿಸುತ್ತಿದ್ದೆವು. ನಾವು ಕಡಿಮೆ ಮಾಡಲು ಹೊರಟಿರುವ ಏಜೆಂಟರೇ ಆ ಅಂಕವನ್ನು ಎತ್ತಿ ಹಿಡಿದಿದ್ದರು.

ಲಾಗಿನ್ ಆಗದ ಚಾಟ್‌ಗಳಿಗೆ ಖಾತೆ ಸಂಖ್ಯೆ ಸಿಗದೆ, ಅವು ಸದ್ಯ 4,200ರ ಒಳಗೇ ಇವೆ. ಆದ್ದರಿಂದ ಮರುಕರೆಗಳು 1,900ಕ್ಕಿಂತ ಹೆಚ್ಚೇ ಇರಬೇಕು.

ರಾಘವೇಂದ್ರ

ಅಂಕಿಗಳನ್ನು ಹೀಗೆ ಬಿಡಿಸಿಟ್ಟದ್ದಕ್ಕೆ ಧನ್ಯವಾದ. ಮೇಲಧಿಕಾರಿಗಳ ಮುಂದೆ 35 ಎಂದು ಒಂದೇ ಅಂಕಿ ಇಡಬೇಡಿ. 200 ಚಾಟ್‌ಗಳ ಮಾದರಿಯಲ್ಲಿ 75% ಎಂಬುದಕ್ಕೆ ಆಚೀಚೆ ಸುಮಾರು 6 ಅಂಶಗಳ ಅಂತರ ಇರುತ್ತದೆ, ಹಾಗಾಗಿ ನಿಮ್ಮ ಉತ್ತರ 33ರಿಂದ 38ರ ನಡುವೆ ಎಲ್ಲಿಯಾದರೂ ಇರಬಹುದು. ಓದಿದ ಇಬ್ಬರೂ ಎಷ್ಟು ಚಾಟ್‌ಗಳಲ್ಲಿ ಭಿನ್ನ ತೀರ್ಪು ಕೊಟ್ಟರು ಎಂಬುದನ್ನೂ ಹೇಳಿ. ಅದು ಹೆಚ್ಚಿದ್ದರೆ ‘ಪರಿಹಾರ’ ಎಂದರೇನು ಎಂದು ನಿಮ್ಮೊಳಗೇ ಇನ್ನೂ ಒಪ್ಪಂದವಾಗಿಲ್ಲ.

58ರಿಂದ 72ಕ್ಕೆ ಏರಿದ್ದರಲ್ಲಿ ಬಿಲ್ ಪುಟದ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭ. ಆ 1,100 ಅನ್ನು ಮೇಲಿನಿಂದಲೂ ಕೆಳಗಿನಿಂದಲೂ ಕಳೆದರೆ 8,900ಕ್ಕೆ 6,100, ಅಂದರೆ 68% ಚಿಲ್ಲರೆ. ಹಾಗಾಗಿ ಏರಿಕೆಯ ದೊಡ್ಡ ಪಾಲು ಅಲ್ಲಿಂದ ಬಂದದ್ದಲ್ಲ, ಬಟನ್ ಅನ್ನು ಹಿಂದಕ್ಕೆ ಸರಿಸಿದ್ದರಿಂದ ಬಂದಿರುವ ಸಾಧ್ಯತೆ ಹೆಚ್ಚು. ಖಚಿತಪಡಿಸಲು ಒಂದೇ ದಾರಿ ಇದೆ. ಖಾತೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಟನ್ ಮೊದಲ ಪರದೆಯಲ್ಲೇ ಕಾಣಲಿ. ನಾಲ್ಕು ವಾರಗಳ ನಂತರ ಪ್ರತಿ ಗುಂಪಿನ ಒಂದು ಸಾವಿರ ಖಾತೆಗಳಿಂದ ಚಾಟ್, ಕರೆ ಎಲ್ಲ ಸೇರಿ ಏಜೆಂಟರ ಎಷ್ಟು ನಿಮಿಷ ಖರ್ಚಾಯಿತು ಎಂದು ಹೋಲಿಸಿ. ಗುಂಪು ಮಾಡುವುದು ಖಾತೆಯ ಮೇಲಿರಲಿ, ಸಂಭಾಷಣೆಯ ಮೇಲಲ್ಲ, ಇಲ್ಲವಾದರೆ ಒಂದೇ ಮನೆಯವರು ಬೆಳಗ್ಗೆ ಒಂದು ಪರದೆ, ಸಂಜೆ ಇನ್ನೊಂದು ಪರದೆ ನೋಡುತ್ತಾರೆ.

ದೀಪಕ್

ಪ್ರಯೋಗವನ್ನು ಒಪ್ಪುತ್ತೇನೆ, 35ರ ಲೆಕ್ಕವನ್ನು ಪೂರ್ತಿ ಒಪ್ಪುವುದಿಲ್ಲ. ಕೇಬಲ್ ತುಂಡಾದ ದಿನ ನೂರಾರು ಜನ ಚಾಟ್‌ಗೆ ಬರುತ್ತಾರೆ. ‘ನಿಮ್ಮ ಬಡಾವಣೆಯಲ್ಲಿ ದೋಷವಿದೆ, ಸಂಜೆ 6ಕ್ಕೆ ಸರಿಯಾಗುತ್ತದೆ’ ಎಂದು ಬಾಟ್ ನಿಜವನ್ನೇ ಹೇಳುತ್ತದೆ. ಸಂಜೆ ದುರಸ್ತಿ ತಡವಾದರೆ ಅವರೆಲ್ಲ ಕರೆ ಮಾಡುತ್ತಾರೆ. ಈ ಕರೆಗಳನ್ನು ಬಾಟ್‌ನ ವೈಫಲ್ಯ ಎನ್ನಬೇಕೇ? ಬಾಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಸೋತದ್ದು ದುರಸ್ತಿ ತಂಡ.

ಫಾತಿಮಾ

ಗ್ರಾಹಕರ ದೃಷ್ಟಿಯಲ್ಲಿ ಬಾಟ್ ಬೇರೆ, ದುರಸ್ತಿ ತಂಡ ಬೇರೆ ಅಲ್ಲ. 6 ಗಂಟೆ ಎಂದು ಮಾತು ಕೊಟ್ಟದ್ದು ಬಾಟ್. ಸಮಯ ತಪ್ಪಿದಾಗ ತಾನೇ ಒಂದು ಸಂದೇಶ ಕಳುಹಿಸಿದ್ದರೆ ಅರ್ಧದಷ್ಟು ಕರೆಗಳಾದರೂ ಬರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಅದನ್ನು ವಿಫಲ ಎಂದೇ ಎಣಿಸಬೇಕು.

ರಾಘವೇಂದ್ರ

ಈ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರವನ್ನು ನಾನು ಎಲ್ಲಿಯೂ ಕಂಡಿಲ್ಲ. ಬಾಟ್ ಅನ್ನು ತಿದ್ದುವ ತಂಡಕ್ಕೆ ದೀಪಕ್ ಅವರ ಲೆಕ್ಕ ಉಪಯುಕ್ತ, ಫೋನ್ ತಂಡದ ಗಾತ್ರ ನಿರ್ಧರಿಸುವವರಿಗೆ ಫಾತಿಮಾ ಅವರ ಲೆಕ್ಕ ಬೇಕು. ದೋಷದ ದಿನಗಳ ಚಾಟ್‌ಗಳನ್ನು ಪ್ರತ್ಯೇಕ ಸಾಲಿನಲ್ಲಿಟ್ಟು, ಎರಡೂ ಬಗೆಯಲ್ಲಿ ಎಣಿಸಿ ತೋರಿಸುವುದು ನನ್ನ ರೂಢಿ.

ಸುಮಾ

ಪ್ರಯೋಗಕ್ಕೆ ಅನುಮತಿ ಸಿಕ್ಕಿದೆ, ಆದರೆ ಎರಡು ವಾರಗಳಿಗೆ ಮಾತ್ರ. ಬಿಲ್ ಚಕ್ರ ಪೂರ್ತಿಯಾಗುವುದಿಲ್ಲವಾದ್ದರಿಂದ ಬಿಲ್ಲಿಂಗ್ ವಿಷಯಗಳನ್ನು ಬಿಟ್ಟು, ಇಂಟರ್ನೆಟ್ ದೋಷದ ಚಾಟ್‌ಗಳನ್ನು ಮಾತ್ರ ಹೋಲಿಸುತ್ತೇನೆ. ಮೌನದ ಗಡಿಯನ್ನು 15 ನಿಮಿಷದಿಂದ 24 ಗಂಟೆಗೆ ಬದಲಿಸಲು ಕೇಳಿದ್ದೇನೆ. ರೌಟರ್ ರೀಸ್ಟಾರ್ಟ್ ಸಲಹೆ ಕೊಟ್ಟ ಅರ್ಧ ಗಂಟೆಯ ನಂತರ ‘ಈಗ ದೀಪ ಯಾವ ಬಣ್ಣದಲ್ಲಿದೆ?’ ಎಂದು ಬಾಟ್ ತಾನೇ ಕೇಳಬೇಕು, ಕೆಂಪು ಎಂದರೆ ಆಗಲೇ ಡಾಕೆಟ್ ಸಂಖ್ಯೆ ಕೊಡಬೇಕು ಎಂದೂ ಬರೆದಿದ್ದೇನೆ. ಫಾತಿಮಾ ಅವರೇ, ಚಾಟ್ ಓದಲು ಕಲಬುರಗಿಯ ಸಹೋದ್ಯೋಗಿಯೊಬ್ಬರು ಒಪ್ಪಿದ್ದಾರೆ. ಫೋನ್ ತಂಡವನ್ನು ಕಿರಿದುಗೊಳಿಸುವ ತೀರ್ಮಾನವನ್ನು ಪ್ರಯೋಗದ ಫಲಿತಾಂಶ ಬರುವವರೆಗೆ ಮುಂದೂಡಿದ್ದಾರೆ.